ಪಾಡ್‌ಕಾಸ್ಟ್ ಮಾತನ್ನು ನೋಟ್ಸ್ ಮಾಡುವಾಗ ಮೊದಲೇ ‘ಅಂದ್ರೆ’ ಅಳಿಸಬೇಡಿ

ಟ್ರಾನ್ಸ್‌ಕ್ರಿಪ್ಟ್ ಕೈಗೆ ಬಂದ ತಕ್ಷಣ ‘ಅಂದ್ರೆ’, ‘ಅಲ್ಲ’, ‘ಆಮೇಲೆ’ ಎಲ್ಲವನ್ನೂ ಫೈಂಡ್ ಅಂಡ್ ರಿಪ್ಲೇಸ್‌ನಲ್ಲಿ ಒಟ್ಟಿಗೆ ಅಳಿಸಬೇಡಿ. ನಾನು ರಾಗಿ ಬೆಳೆಯ ಮಾತುಕತೆಯೊಂದನ್ನು ಹಾಗೆ ಮಾಡಿ ಕೆಡಿಸಿಕೊಂಡೆ. ರೈತರು ಹೇಳಿದ್ದು, "ಸಸಿ ಒಂದು 15 ದಿನ, ಅಲ್ಲ ಅಲ್ಲ, 25 ದಿನದ್ದಾಗಿರಬೇಕು, ಬಹುಶಃ ಮಳೆ ತಡವಾದ್ರೆ ಇನ್ನೊಂದೆರಡು ದಿನ". ‘ಅಲ್ಲ’ ಹೋದ ಮೇಲೆ ಎರಡೂ ಅಂಕಿ ಉಳಿದವು, ಯಾವುದು ಸರಿ ಅಂತ ಗೊತ್ತಾಗಲಿಲ್ಲ.

ಈಗ ಮೊದಲು ಸುಮ್ನೆ ಓದುತ್ತಾ ಪ್ರತಿ ತುಣುಕಿನ ಪಕ್ಕ ‘ಸಸಿ’, ‘ಗೊಬ್ಬರ’, ‘ಕಳೆ’ ಅಂತ ಒಂದೇ ಪದ, ಜೊತೆಗೆ ಆಡಿಯೋದ ಸಮಯ ಬರೆಯುತ್ತೇನೆ. ಗೊಬ್ಬರದ ಮಾತು 6ನೇ ನಿಮಿಷದಲ್ಲೂ ಬರುತ್ತೆ, ಮತ್ತೆ 41ರಲ್ಲೂ ಬರುತ್ತೆ, ಅಲ್ವಾ? ಒಂದೇ ಪದದ ತುಣುಕುಗಳನ್ನು ಒಟ್ಟಿಗೆ ತಂದು ಆಮೇಲೆ ವಾಕ್ಯ ತಿದ್ದುತ್ತೇನೆ. ತಿದ್ದಿಕೊಂಡ ಮಾತಿದ್ದರೆ ಕೊನೆಯದ್ದನ್ನು ಮಾತ್ರ ಇಟ್ಟುಕೊಳ್ಳಿ: "ಸಸಿ: 25 ದಿನ, ಮಳೆ ತಡವಾದರೆ ಬಹುಶಃ 1–2 ದಿನ ಜಾಸ್ತಿ (12:40)". ‘ಬಹುಶಃ’ ತೆಗೆಯಬೇಡಿ, ಅವರಿಗೇ ಖಚಿತವಿಲ್ಲ ಅನ್ನೋದು ಅದರಲ್ಲೇ ಇದೆ. ಅಂಕಿ, ಹೆಸರು ಬಂದ ಕಡೆ ಆ ಸಮಯಕ್ಕೆ ಹೋಗಿ ಆಡಿಯೋ ಒಮ್ಮೆ ಕೇಳಿಬಿಡಿ.