5 ಷೇರು 50 ಆದಾಗ ನಾನು ಲೆಕ್ಕ ಬರೆದ ರೀತಿ

ಇರುವ ಷೇರನ್ನೇ ಒಡೆದು ಹೆಚ್ಚು ಮಾಡುವುದು ವಿಭಜನೆ ಅಂದರೆ ಸ್ಪ್ಲಿಟ್, ಷೇರು ಇರುವವರಿಗೆ ದುಡ್ಡಿಲ್ಲದೆ ಹೊಸ ಷೇರು ಕೊಡುವುದು ಬೋನಸ್. ಎರಡರಲ್ಲೂ ಷೇರಿನ ಸಂಖ್ಯೆ ಏರುತ್ತದೆ, ಬೆಲೆ ಅದೇ ಅಳತೆಯಲ್ಲಿ ಇಳಿಯುತ್ತದೆ. ಕಂಪನಿಯ ಲೆಕ್ಕಪುಸ್ತಕದಲ್ಲಿ ಮಾತ್ರ ಎರಡೂ ಬೇರೆ ಬೇರೆ ಕಡೆ ಬರುತ್ತವೆ, ನಮ್ಮ ತೆರಿಗೆ ಲೆಕ್ಕದಲ್ಲೂ ಹಾಗೆಯೇ. ಎರಡೂ ಒಟ್ಟಿಗೇ ಬಂದ ಒಂದು ಸಂದರ್ಭದಲ್ಲಿ ನಾನು ಇದನ್ನು ಹೇಗೆ ಬಿಡಿಸಿ ನೋಡಿದೆ ಎಂದು ಬರೆಯುತ್ತಿದ್ದೇನೆ.

ನಾನು ಬದಿಯಡ್ಕದ ಹತ್ತಿರ ಪ್ಲಸ್ ಟೂ ಮಕ್ಕಳಿಗೆ ಕಾಮರ್ಸ್ ಕಲಿಸುವವನು. ಊರಿನಲ್ಲಿ ಷೇರು ಇಟ್ಟುಕೊಂಡವರು ಸಂಶಯ ಬಂದರೆ ನನ್ನಲ್ಲಿ ಕೇಳುತ್ತಾರೆ. ಪಕ್ಕದ ತೋಟದ ಅಣ್ಣ 2024ರಲ್ಲಿ ಚಾಲಿ ಅಡಿಕೆ ಮಾರಿದ ದುಡ್ಡಿನಲ್ಲಿ ಬಜಾಜ್ ಫೈನಾನ್ಸಿನ 5 ಷೇರು ಕೊಂಡಿದ್ದರು. ಒಂದಕ್ಕೆ 7,000 ರೂಪಾಯಿ, ಒಟ್ಟು 35,000. 2025ರ ಜೂನ್ 16ರ ಬೆಳಿಗ್ಗೆ ಅವರ ಫೋನ್ ಬಂತು. "ಮಾಷ್ಟ್ರೇ, ನೂರರಲ್ಲಿ ತೊಂಬತ್ತು ಹೋಗಿದೆ ಅಂತ ತೋರಿಸ್ತಾ ಇದೆ. ಏನಾದ್ರೂ ಆಯ್ತಾ?"

ಸ್ಪ್ಲಿಟ್, ಬೋನಸ್ ಯಾರಿಗೆ ಸಿಗಬೇಕು ಎಂದು ಕಂಪನಿ ಪಟ್ಟಿ ನೋಡುವ ದಿನ, ಅಂದರೆ ರೆಕಾರ್ಡ್ ಡೇಟ್, ಅವತ್ತೇ ಇತ್ತು. ಕಂಪನಿಯ ಪುಸ್ತಕದಲ್ಲಿ 2 ರೂಪಾಯಿ ಎಂದು ಬರೆದ, ಅಂದರೆ 2 ರೂಪಾಯಿ ಮುಖಬೆಲೆಯ, ಒಂದು ಷೇರು 1 ರೂಪಾಯಿಯ ಎರಡಾಗುವುದು. ಜೊತೆಗೆ ಪ್ರತಿ ಒಂದಕ್ಕೆ ನಾಲ್ಕು ಬೋನಸ್. ಎರಡು ಷೇರಿಗೆ ಎಂಟು ಬೋನಸ್ ಸೇರಿದರೆ ಒಂದು ಷೇರು ಹತ್ತಾಗುತ್ತದೆ. ಹಿಂದಿನ ಶುಕ್ರವಾರ ಸುಮಾರು 9,300ರಲ್ಲಿದ್ದ ಬೆಲೆ ಸೋಮವಾರ 930ರ ಆಸುಪಾಸಿಗೆ ಬಂತು. ಬೆಲೆ ಬೆಳಿಗ್ಗೆಯೇ ಬದಲಾಗಿತ್ತು, ಹೊಸ ಷೇರುಗಳು ಡಿಮ್ಯಾಟ್ ಖಾತೆಗೆ ಬಂದಿರಲಿಲ್ಲ. ಆ್ಯಪ್ ಹಳೆಯ 5 ಷೇರನ್ನು ಹೊಸ ಬೆಲೆಯಿಂದ ಗುಣಿಸಿ 4,650 ಎಂದು ತೋರಿಸಿತು. ಇಂಥ ಹೊತ್ತಿನಲ್ಲಿ ಆ್ಯಪಿನ ಲಾಭ ನಷ್ಟದ ಸಾಲನ್ನು ನೋಡಲೇಬಾರದು. ನಮ್ಮ ಷೇರುಗಳ ದಾಖಲೆ ಇಡುವ ಸಿಡಿಎಸ್‌ಎಲ್ ಅಥವಾ ಎನ್‌ಎಸ್‌ಡಿಎಲ್‌ನ ಸ್ಟೇಟ್‌ಮೆಂಟ್ ತೆಗೆದು ಷೇರಿನ ಸಂಖ್ಯೆ ನೋಡಬೇಕು. ಮುಖಬೆಲೆ ಬದಲಾದರೆ ಷೇರನ್ನು ಗುರುತಿಸುವ ಐಎಸ್‌ಐಎನ್ ಸಂಖ್ಯೆಯೂ ಬದಲಾಗುತ್ತದೆ. ಹಾಗಾಗಿ ಹಳೆ ಸಂಖ್ಯೆಯ ಷೇರು ಹೊರಗೆ ಹೋದ ಸಾಲು, ಹೊಸ ಸಂಖ್ಯೆಯದು ಒಳಗೆ ಬಂದ ಸಾಲು, ಎರಡೂ ಅಲ್ಲಿ ಕಾಣಬೇಕು. ಬೋನಸ್ ಬೇರೆಯೇ ಸಾಲಾಗಿ ಬರುತ್ತದೆ. ಬೋನಸ್ ಷೇರುಗಳು ರೆಕಾರ್ಡ್ ಡೇಟಿನ ನಂತರದ ಎರಡನೇ ವಹಿವಾಟಿನ ದಿನ ಮಾರಾಟಕ್ಕೆ ಸಿಗಬೇಕು ಎಂಬ ಸೆಬಿ ನಿಯಮ 2024ರ ಅಕ್ಟೋಬರಿನಿಂದ ಇದೆ. ಅಲ್ಲಿಯವರೆಗೆ ಕಾದರೆ ಸಾಕು.

ಸಂಜೆ ಅಣ್ಣ ಮನೆಗೆ ಬಂದಾಗ ಕಂಪನಿಯ ಕಡೆಯ ಲೆಕ್ಕವನ್ನು ಕಾಗದದಲ್ಲಿ ಬರೆದು ತೋರಿಸಿದೆ. ಮೊದಲು ಸುಮಾರು 62 ಕೋಟಿ ಷೇರುಗಳಿದ್ದವು. ಒಂದಕ್ಕೆ 2 ರೂಪಾಯಿ ಮುಖಬೆಲೆ, ಅಂದರೆ ಷೇರು ಬಂಡವಾಳ 124 ಕೋಟಿ. ಸ್ಪ್ಲಿಟ್ ಆದಾಗ 124 ಕೋಟಿ ಷೇರುಗಳಾದವು, ಮುಖಬೆಲೆ 1 ರೂಪಾಯಿ, ಬಂಡವಾಳ ಅದೇ 124 ಕೋಟಿ. ಪುಸ್ತಕದಲ್ಲಿ ಒಂದು ರೂಪಾಯಿಯೂ ಅಲ್ಲಾಡಲಿಲ್ಲ.

ಬೋನಸಿನಲ್ಲಿ ಹಾಗಲ್ಲ, ಅಲ್ಲಿ ಹಣ ಜಾಗ ಬದಲಿಸುತ್ತದೆ. ಹೊಸದಾಗಿ 496 ಕೋಟಿ ಷೇರು, ಮುಖಬೆಲೆ 1 ರೂಪಾಯಿ. ಆ 496 ಕೋಟಿ ರೂಪಾಯಿಯನ್ನು ಕಂಪನಿ ತನ್ನ ಮೀಸಲಿನಿಂದ ತೆಗೆದು ಷೇರು ಬಂಡವಾಳಕ್ಕೆ ಸೇರಿಸುತ್ತದೆ. ಮೀಸಲು ಅಷ್ಟು ಕಡಿಮೆ, ಬಂಡವಾಳ ಅಷ್ಟು ಜಾಸ್ತಿ. ಎರಡೂ ಷೇರುದಾರರದ್ದೇ ಹಣ. ಹೊರಗಿನಿಂದ ಯಾರೂ ದುಡ್ಡು ತಂದು ಹಾಕಲಿಲ್ಲ, ಕಂಪನಿಯ ಬ್ಯಾಂಕ್ ಖಾತೆಯಿಂದ ಏನೂ ಹೋಗಲೂ ಇಲ್ಲ. ಸುಮ್ನೆ ಆಸ್ತಿಯ ಬೆಲೆ ಏರಿಸಿ ಬರೆದು ಮಾಡಿಕೊಂಡ ಮೀಸಲಿನಿಂದ ಬೋನಸ್ ಕೊಡುವಂತಿಲ್ಲ ಎಂದು 2013ರ ಕಂಪನಿ ಕಾಯ್ದೆಯ 63ನೇ ಕಲಮು ಹೇಳುತ್ತದೆ. ಮಕ್ಕಳಿಗೆ ನಾನು ಒತ್ತಿ ಹೇಳುವ ಮಾತು ಇದು. ಬೋನಸಿನ ಹಿಂದೆ ಹಳೆಯ ಲಾಭವೋ ಷೇರುದಾರರು ಮುಖಬೆಲೆಗಿಂತ ಹೆಚ್ಚು ಕೊಟ್ಟ ಪ್ರೀಮಿಯಮ್ಮೋ ಇರಲೇಬೇಕು.

ಮಾರುಕಟ್ಟೆಯ ಬೆಲೆಯಲ್ಲೂ ಗುಣಿಸಿ ನೋಡಿದೆವು. 62 ಕೋಟಿಯನ್ನು 9,300ರಿಂದ ಗುಣಿಸಿ, ಆಮೇಲೆ 620 ಕೋಟಿಯನ್ನು 930ರಿಂದ. ಎರಡರಲ್ಲೂ ಬರುವುದು 5,76,600 ಕೋಟಿ. ಆ ದಿನ ಬೆಲೆ ಸ್ವಲ್ಪ ಮೇಲೆ ಕೆಳಗೆ ಆದರೆ ಅದು ಎಲ್ಲ ದಿನಗಳಂತೆ ಮಾರುಕಟ್ಟೆಯ ಓಡಾಟ. ಲಾಭಾಂಶವನ್ನೂ ಹೀಗೇ ಓದಬೇಕು. ಹಿಂದೆ ಷೇರಿಗೆ 44 ರೂಪಾಯಿ ಕೊಟ್ಟದ್ದು ಈಗಿನ ಷೇರಿಗೆ 4 ರೂಪಾಯಿ 40 ಪೈಸೆಗೆ ಸಮ. ಮುಂದೆ 5 ರೂಪಾಯಿ ಕೊಟ್ಟರೆ ಅದು ಏರಿಕೆ, ಇಳಿಕೆ ಅಲ್ಲ.

ಅಣ್ಣನ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. "ಹಾಗಾದ್ರೆ ನಾನು ಹಾಕಿದ ಅಸಲು ಒಂದು ಷೇರಿಗೆ 700 ಅಲ್ವಾ?" ಎಂದರು. ಆ್ಯಪ್ ಕೂಡ ಮರುವಾರ ಸರಾಸರಿ 700 ಎಂದೇ ತೋರಿಸಿತು. ಲಾಭ ಆಗಿದೆಯೋ ಇಲ್ಲವೋ ಎಂದು ತಿಳಿಯಲು ಅದು ಸರಿ. ತೆರಿಗೆಗೆ ಸರಿಯಲ್ಲ.

ತೆರಿಗೆಯಲ್ಲಿ ಸ್ಪ್ಲಿಟ್ ಷೇರಿಗೆ ಹಳೆಯ ಅಸಲು ಹಂಚಿಹೋಗುತ್ತದೆ, ಕೊಂಡ ದಿನವೂ ಹಳೆಯದೇ. ಬೋನಸ್ ಷೇರಿಗೆ ಅಸಲು ಸೊನ್ನೆ, ಅವಧಿ ಎಣಿಸುವುದು ಹಂಚಿಕೆಯಾದ ದಿನದಿಂದ. ಹಾಗಾಗಿ ನಾನು ಪುಸ್ತಕದಲ್ಲಿ ಎರಡು ಸಾಲು ಬರೆದೆ. 2024ರ ಸಾಲಿನಲ್ಲಿ 10 ಷೇರು, ಒಂದಕ್ಕೆ 3,500. 2025ರ ಜೂನಿನ ಸಾಲಿನಲ್ಲಿ 40 ಷೇರು, ಅಸಲು ಸೊನ್ನೆ. ಕೂಡಿಸಿದರೆ 50 ಷೇರು, 35,000 ರೂಪಾಯಿ.

ಡಿಮ್ಯಾಟಿನಲ್ಲಿ ಮೊದಲು ಬಂದದ್ದು ಮೊದಲು ಹೋಯಿತು ಎಂದೇ ಲೆಕ್ಕ. ಅಣ್ಣ 930ರಲ್ಲಿ 10 ಷೇರು ಮಾರಿದರೆ ತೆರಿಗೆ ಪ್ರಕಾರ ಷೇರಿಗೆ 2,570ರಂತೆ 25,700 ರೂಪಾಯಿ ನಷ್ಟ. ಉಳಿದ 40 ಮಾರಿದಾಗ ಬರುವ 37,200 ಪೂರ್ತಿ ಲಾಭ. ಒಂದರಿಂದ ಇನ್ನೊಂದನ್ನು ಕಳೆದರೆ 11,500, ಅದೇ ಅವರ ನಿಜವಾದ ಲಾಭ.

ತೊಂದರೆ ಇರುವುದು ಸಮಯದಲ್ಲಿ. ಬೋನಸ್ ಬಂದು ವರ್ಷ ತುಂಬುವ ಮೊದಲೇ ಎಲ್ಲ 50 ಷೇರು ಮಾರಿದರೆ ಕೊಂಡು ವರ್ಷ ದಾಟಿದ 10 ಷೇರಿನ 25,700 ದೀರ್ಘಾವಧಿ ನಷ್ಟ, ವರ್ಷ ತುಂಬದ 40ರ 37,200 ಅಲ್ಪಾವಧಿ ಲಾಭ. ದೀರ್ಘಾವಧಿ ನಷ್ಟವನ್ನು ಅಲ್ಪಾವಧಿ ಲಾಭದಿಂದ ಕಳೆಯಲು ಬಿಡುವುದಿಲ್ಲ. ಶೇಕಡಾ 20ರಂತೆ 7,440 ರೂಪಾಯಿ ತೆರಿಗೆ, ಸೆಸ್ ಬೇರೆ. 11,500 ಲಾಭಕ್ಕೆ ಅಷ್ಟು ತೆರಿಗೆ ನನಗೆ ತುಂಬ ಜಾಸ್ತಿ ಎನಿಸಿತು. ವರ್ಷ ದಾಟಿದ ಮೇಲೆ ಮಾರಿದರೆ ಎರಡೂ ದೀರ್ಘಾವಧಿ, ಒಂದಕ್ಕೊಂದು ಕಳೆಯುತ್ತವೆ. ಬೇರೆ ಷೇರುಗಳ ದೀರ್ಘಾವಧಿ ಲಾಭ ಸೇರಿದರೂ ವರ್ಷಕ್ಕೆ 1.25 ಲಕ್ಷ ದಾಟದಿದ್ದರೆ ತೆರಿಗೆಯೇ ಇಲ್ಲ.

ಅಣ್ಣನಿಗೆ ಮಗಳ ಫೀಸಿಗೆ ಸ್ವಲ್ಪ ಹಣ ಬೇಕಿತ್ತು. ಮೊದಲ 10 ಷೇರು ಮಾತ್ರ ಮಾರಿ ಎಂದೆ. ಆ ನಷ್ಟವನ್ನು ಸಮಯಕ್ಕೆ ಸರಿಯಾಗಿ ರಿಟರ್ನಿನಲ್ಲಿ ತೋರಿಸಿದರೆ ಮುಂದಿನ 8 ವರ್ಷ ದೀರ್ಘಾವಧಿ ಲಾಭಕ್ಕೆ ಬಳಸಬಹುದು. ಇದೇ ನಷ್ಟಕ್ಕಾಗಿ ಕೆಲವರು ಬೋನಸಿನ ಮುಂಚೆ ಷೇರು ಕೊಳ್ಳುತ್ತಾರೆ. ಅದನ್ನು ತಡೆಯುವ ನಿಯಮವಿದೆ. ರೆಕಾರ್ಡ್ ಡೇಟಿನ ಹಿಂದಿನ 3 ತಿಂಗಳೊಳಗೆ ಕೊಂಡ ಷೇರನ್ನು, ಬೋನಸನ್ನು ಕೈಯಲ್ಲಿಟ್ಟುಕೊಂಡೇ ಮುಂದಿನ 9 ತಿಂಗಳೊಳಗೆ ಮಾರಿದರೆ ಆ ನಷ್ಟ ಲೆಕ್ಕಕ್ಕೆ ಬರುವುದಿಲ್ಲ. ಅದು ಬೋನಸ್ ಷೇರಿನ ಅಸಲಿಗೆ ಸೇರುತ್ತದೆ. ಅಣ್ಣ ಕೊಂಡದ್ದು ಹಿಂದಿನ ವರ್ಷ, ಹಾಗಾಗಿ ಅವರಿಗೆ ಅದು ತಾಗಲಿಲ್ಲ. ಬ್ರೋಕರ್ ಕೊಟ್ಟ ತೆರಿಗೆ ವರದಿಯಲ್ಲೂ 10 ಷೇರಿನ ಎದುರು 3,500 ಇದೆಯೇ ಎಂದು ನೋಡಿಕೊಂಡೇ ರಿಟರ್ನ್ ತುಂಬಿದೆವು.