ತೆರಿಗೆ ಬಾಕಿಯನ್ನು ಕಂತಿನಲ್ಲಿ ಕಟ್ಟಿದ್ದು: ನನ್ನ ಅನುಭವ

ಮಂಡ್ಯದಲ್ಲಿ ನನ್ನದೊಂದು ಅಂಗಡಿ ಇದೆ. ಮೋಟರ್, ಪೈಪು, ಡ್ರಿಪ್ ಸಾಮಾನು ಮಾರುತ್ತೇವೆ, ಜಮೀನಿಗೆ ಹೋಗಿ ಜೋಡಿಸಿಯೂ ಕೊಡುತ್ತೇವೆ. 2025ರ ಜೂನ್ 11ರಂದು ಆದಾಯ ತೆರಿಗೆ ಇಲಾಖೆಯಿಂದ ನನಗೆ ಒಂದು ಮೇಲ್ ಬಂತು. 3,58,800 ರೂಪಾಯಿ ಬಾಕಿ ಇದೆ, 30 ದಿನದಲ್ಲಿ ಕಟ್ಟಿ ಎಂದಿತ್ತು. ಆ ದಿನ ನನ್ನ ಕರೆಂಟ್ ಅಕೌಂಟಿನಲ್ಲಿ ಎಪ್ಪತ್ತು ಸಾವಿರವೂ ಇರಲಿಲ್ಲ.

ಬಾಕಿ ಏಕೆ ಬಂತು ಅಂದರೆ, ಡ್ರಿಪ್ ಜೋಡಿಸುವ ಮೇಸ್ತ್ರಿಗೆ ನಾನು ಪ್ರತಿ ಶನಿವಾರ ಕೂಲಿಯನ್ನು ನಗದಿನಲ್ಲೇ ಕೊಡುತ್ತಿದ್ದೆ. ಒಬ್ಬರಿಗೆ ಒಂದೇ ದಿನ 10,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ಆ ಖರ್ಚನ್ನು ತೆರಿಗೆ ಲೆಕ್ಕದಲ್ಲಿ ಒಪ್ಪುವುದಿಲ್ಲ. ಹಾಗೆ ಕೊಟ್ಟಿದ್ದು ವರ್ಷಕ್ಕೆ ಒಟ್ಟು ಹತ್ತು ಲಕ್ಷ ಆಗಿತ್ತು. ಆಡಿಟ್ ವರದಿಯಲ್ಲಿ ಅದನ್ನು ಸರಿಯಾಗಿ ನಮೂದಿಸಿದ್ದರು, ಆದರೆ ರಿಟರ್ನ್ ತುಂಬುವಾಗ ಆದಾಯಕ್ಕೆ ಸೇರಿಸುವುದು ಬಿಟ್ಟುಹೋಗಿತ್ತು. ಇಲಾಖೆಯ ಕಂಪ್ಯೂಟರ್ ಎರಡನ್ನೂ ಹೋಲಿಸಿ ನೋಡಿ ಹತ್ತು ಲಕ್ಷವನ್ನು ಸೇರಿಸಿತು. ತೆರಿಗೆ, ಸೆಸ್ ಸೇರಿ 3,12,000. ಮುಂಗಡ ತೆರಿಗೆ ಕಡಿಮೆ ಕಟ್ಟಿದ್ದಕ್ಕೆ ಹದಿನೈದು ತಿಂಗಳ ಬಡ್ಡಿ 46,800. ಲೆಕ್ಕ ಸರಿಯಾಗಿಯೇ ಇತ್ತು. ಮೇಲ್ಮನವಿ ಹಾಕಲು ನನ್ನಲ್ಲಿ ಕಾರಣವೇ ಇರಲಿಲ್ಲ.

ಇದನ್ನು ಮೊದಲೇ ಯಾಕೆ ಹೇಳುತ್ತಿದ್ದೇನೆ ಅಂದರೆ, ಬಾಕಿಯೇ ತಪ್ಪು ಅನ್ನುವವರ ದಾರಿ ಬೇರೆ. ಅವರು ಮೇಲ್ಮನವಿ ಹಾಕಿ ವಸೂಲಿಗೆ ತಡೆ ಕೇಳಬೇಕು. ಕಂತು ಕೇಳುವುದು ಬಾಕಿ ಒಪ್ಪಿಕೊಂಡು, ಸಮಯ ಕೊಡಿ ಎಂದು ಕೇಳುವವರಿಗೆ. ಒಂದೇ ಅರ್ಜಿಯಲ್ಲಿ ಎರಡನ್ನೂ ಬೆರೆಸಿ ಬರೆದರೆ ಓದುವ ಅಧಿಕಾರಿಗೆ ನಿಮಗೆ ಏನು ಬೇಕು ಅಂತಲೇ ಗೊತ್ತಾಗುವುದಿಲ್ಲ.

ಮನೆಯಲ್ಲಿ ತಮ್ಮ ಹೇಳಿದ್ದು, "ಅಣ್ಣ, ಸುಮ್ನೆ ಯಾಕೆ ಆಫೀಸಿಗೆ ಅಲೀತೀಯ, ಕೈಸಾಲ ತಂದು ಕಟ್ಟಿಬಿಡು" ಅಂತ. ನಮ್ಮ ಕಡೆ ಕೈಸಾಲಕ್ಕೆ ಆಗ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ ಕೇಳುತ್ತಿದ್ದರು. ಮೂರು ಲಕ್ಷಕ್ಕೆ ತಿಂಗಳಿಗೆ ಒಂಬತ್ತು ಸಾವಿರ. ಇಲಾಖೆಯ ಬಡ್ಡಿ 30 ದಿನ ಮುಗಿದ ಮೇಲೆ ತಿಂಗಳಿಗೆ ನೂರಕ್ಕೆ ಒಂದು, ಅದೂ ಸರಳ ಬಡ್ಡಿ. ಕಂತಿಗೆ ಅನುಮತಿ ಸಿಕ್ಕರೂ ಈ ಬಡ್ಡಿ ತಪ್ಪುವುದಿಲ್ಲ. ಆದರೆ ಕೈಸಾಲದ ಮೂರರಲ್ಲಿ ಒಂದು ಭಾಗ ಅಷ್ಟೇ ಅಲ್ವಾ?

ಮರುದಿನ ಆಡಿಟರ್ ಹತ್ತಿರ ಹೋದೆ. 1961ರ ಆದಾಯ ತೆರಿಗೆ ಕಾಯ್ದೆಯ 220ನೇ ಸೆಕ್ಷನ್, ಮೂರನೇ ಉಪವಿಭಾಗ ತೆಗೆದು ತೋರಿಸಿದರು. ಅಧಿಕಾರಿ ಸಮಯ ವಿಸ್ತರಿಸಬಹುದು ಇಲ್ಲವೇ ಕಂತು ಕೊಡಬಹುದು, ಆದರೆ ಅರ್ಜಿ ಆ 30 ದಿನ ಮುಗಿಯುವ ಮೊದಲೇ ಅವರ ಕೈ ಸೇರಬೇಕು. (2026ರ ಏಪ್ರಿಲ್‌ನಿಂದ ಹೊಸ ಕಾಯ್ದೆ ಜಾರಿಯಲ್ಲಿದೆ, ಈಗ ಅರ್ಜಿ ಬರೆಯುವವರು ತಮ್ಮ ಬಾಕಿಗೆ ಯಾವ ಕಾಯ್ದೆಯ ಯಾವ ಸೆಕ್ಷನ್ ಅನ್ವಯಿಸುತ್ತದೆ ಎಂದು ಕೇಳಿ ಹಾಕಬೇಕು.) ನನ್ನ ಕೊನೆಯ ದಿನ ಜುಲೈ 11. ಅಂಗಡಿಯವರು ಸಾಮಾನ್ಯವಾಗಿ ಎಡವುವುದು ಇಲ್ಲೇ. ನೋಟಿಸನ್ನು ಡ್ರಾಯರಿನಲ್ಲಿಟ್ಟು, ಬ್ಯಾಂಕ್ ಅಕೌಂಟ್ ಜಪ್ತಿ ಆದ ಮೇಲೆ ಕಂತು ಕೇಳಲು ಓಡುತ್ತಾರೆ. ಆ ಹೊತ್ತಿಗೆ ಕಾಯ್ದೆಯ ಕಣ್ಣಲ್ಲಿ ಅವರು ಸುಸ್ತಿದಾರರಾಗಿರುತ್ತಾರೆ.

ಅರ್ಜಿ ಯಾರಿಗೆ ಕೊಡಬೇಕು ಅನ್ನುವುದರಲ್ಲೂ ನಾನು ತಪ್ಪು ತಿಳಿದಿದ್ದೆ. ಮೇಲ್ ಬಂದದ್ದು ಬೆಂಗಳೂರಿನ ಕೇಂದ್ರೀಯ ಸಂಸ್ಕರಣಾ ಕೇಂದ್ರದಿಂದ, ಹಾಗಾಗಿ ಅಲ್ಲಿಗೇ ಬರೆಯಬೇಕು ಅಂದುಕೊಂಡಿದ್ದೆ. ಹಾಗಲ್ಲ. ಕಂತು ಕೊಡುವ ಅಧಿಕಾರ ನಮ್ಮ ಪ್ಯಾನ್ ಇಲಾಖೆಯ ಯಾವ ವಾರ್ಡಿಗೆ ಸೇರಿದೆಯೋ ಆ ವಾರ್ಡಿನ ನಿರ್ಧಾರಣಾ ಅಧಿಕಾರಿ, ಅಂದರೆ AO ಅವರದು. ಇ-ಫೈಲಿಂಗ್ ಪೋರ್ಟಲಿನಲ್ಲಿ `Know Your AO` ಒತ್ತಿ ಪ್ಯಾನ್ ಹಾಕಿದರೆ ಯಾವ ವಾರ್ಡ್ ಅಂತ ತೋರಿಸುತ್ತದೆ.

ಅರ್ಜಿಯನ್ನು ಮೊದಲು ನಾನೇ ಬರೆದೆ. ಎರಡು ಪುಟ. ಮಳೆ ಕೈಕೊಟ್ಟಿದ್ದು, ಅಮ್ಮನ ಆಸ್ಪತ್ರೆ ಖರ್ಚು, ವ್ಯಾಪಾರ ಬಿದ್ದುಹೋಗಿದೆ ಅನ್ನುವುದು, ಎಲ್ಲ ತುಂಬಿಸಿದ್ದೆ. ಆಡಿಟರ್ ಓದಿ ಕೆಳಗಿಟ್ಟರು. "ವ್ಯಾಪಾರ ಬಿದ್ದುಹೋಗಿದೆ ಅಂತ ಬರೆದರೆ ಆರು ತಿಂಗಳ ನಂತರ ಹೇಗೆ ಕಟ್ಟುತ್ತೀರಿ ಅಂತ ಕೇಳ್ತಾರೆ. ದುಡ್ಡು ಎಲ್ಲಿ ಸಿಕ್ಕಿಕೊಂಡಿದೆ, ಯಾವ ತಿಂಗಳು ಬಿಡುಗಡೆ ಆಗುತ್ತೆ, ಅದನ್ನು ಬರೀರಿ" ಅಂದರು. ಅವರ ಆ ಮಾತಿನಿಂದಲೇ ನನ್ನ ಅರ್ಜಿಗೆ ಒಂದು ರೂಪ ಬಂತು.

ನನ್ನ ದುಡ್ಡು ಇದ್ದದ್ದು ರೈತರ ಹತ್ತಿರ. ಮಾರ್ಚ್‌ನಿಂದ ಮೇವರೆಗೆ ಬೇಸಿಗೆಯಲ್ಲಿ ಮೋಟರ್ ಸುಡುತ್ತವೆ, ಬೋರ್ ಕೊರೆಸುತ್ತಾರೆ. ಆಗ ಸಾಮಾನು ಸಾಲಕ್ಕೆ ಹೋಗುತ್ತದೆ. ಕಬ್ಬು ಕಡಿದು ಕಾರ್ಖಾನೆ ಬಿಲ್ ಬಂದ ಮೇಲೆ ಕೆಲವರು ಕೊಡುತ್ತಾರೆ. ನಾಲೆ ಬಯಲಿನ ಭತ್ತದವರು ಡಿಸೆಂಬರ್, ಜನವರಿಯಲ್ಲಿ ಕೊಯ್ಲಾದ ಮೇಲೆ ಕೊಡುತ್ತಾರೆ. ಮಂಡ್ಯದಲ್ಲಿ ಅಂಗಡಿ ಇಟ್ಟವರಿಗೆಲ್ಲ ಇದು ಗೊತ್ತು. ಆದರೆ ಅಧಿಕಾರಿಗೆ ಕಾಗದದಲ್ಲಿ ತೋರಿಸಬೇಕು. ಬಾಕಿ ಪುಸ್ತಕ ತೆಗೆದು ಬಿಲ್ ನಂಬರ್, ತಾರೀಖು, ಮೊತ್ತ ಹಾಕಿ ಪಟ್ಟಿ ಮಾಡಿದೆ. ಒಟ್ಟು 14 ಲಕ್ಷ. ಅದರಲ್ಲಿ 5 ಲಕ್ಷ ಒಂದು ವರ್ಷಕ್ಕಿಂತ ಹಳೆಯದು. ಅದನ್ನು ಬೇರೆ ಕಾಲಮ್ಮಿನಲ್ಲಿ ಹಾಕಿ, "ಇದರಿಂದ ಬರುವ ಹಣವನ್ನು ಲೆಕ್ಕಕ್ಕೆ ಹಿಡಿದಿಲ್ಲ" ಎಂದು ಬರೆದೆ. ಉಳಿದ 9 ಲಕ್ಷದ ಮೇಲೆ ಮಾತ್ರ ಜುಲೈನಿಂದ ಜನವರಿವರೆಗೆ ತಿಂಗಳು ತಿಂಗಳು ಎಷ್ಟು ಬರಬಹುದು, ಬಾಡಿಗೆ, ಸಂಬಳ, ಕಂಪನಿಗೆ ಕೊಡಬೇಕಾದ್ದು ಕಳೆದು ಎಷ್ಟು ಉಳಿಯುತ್ತದೆ ಅಂತ ಒಂದು ಹಾಳೆ ತಯಾರಿಸಿದೆ.

ಜೊತೆಗೆ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಬ್ಯಾಂಕ್ ಒಂದು ಮಿತಿಯವರೆಗೆ ಸಾಲ ಕೊಡುವ ಓವರ್‌ಡ್ರಾಫ್ಟ್, ಅಂದರೆ ಓಡಿ ಖಾತೆಯದೂ ಸೇರಿ. ಹತ್ತು ಲಕ್ಷದ ಓಡಿಯಲ್ಲಿ 9,70,000 ಆಗಲೇ ಬಳಕೆಯಾಗಿತ್ತು. ಬ್ಯಾಂಕಿಗೆ ಕೊಡುವ ಸ್ಟಾಕ್ ಸ್ಟೇಟ್‌ಮೆಂಟಿನ ನಕಲನ್ನೂ ಇಟ್ಟೆ. ಅರ್ಜಿ ಕೊನೆಗೆ ಒಂದೇ ಪುಟಕ್ಕೆ ನಿಂತಿತು. ಮುಖ್ಯ ಭಾಗ ಹೀಗಿತ್ತು:

"ಸದರಿ ಬಾಕಿಯನ್ನು ನಾನು ಒಪ್ಪಿದ್ದೇನೆ, ಮೇಲ್ಮನವಿ ಸಲ್ಲಿಸುವುದಿಲ್ಲ. 58,800 ರೂಪಾಯಿ ಈಗಾಗಲೇ ಪಾವತಿಸಿದ್ದೇನೆ, ಚಲನ್ ಲಗತ್ತಿಸಿದೆ. ಉಳಿದ 3,00,000 ರೂಪಾಯಿಯನ್ನು ಆಗಸ್ಟ್ 2025ರಿಂದ ಜನವರಿ 2026ರವರೆಗೆ ಪ್ರತಿ ತಿಂಗಳ 10ರೊಳಗೆ ಕೆಳಗಿನಂತೆ ಕಟ್ಟಲು ಅನುಮತಿ ಕೋರುತ್ತೇನೆ. ತಡ ಪಾವತಿಗೆ ಸೆಕ್ಷನ್ 220(2)ರ ಬಡ್ಡಿಯನ್ನೂ ಕಟ್ಟುತ್ತೇನೆ."

ಮೊದಲೇ ಒಂದಷ್ಟು ಕಟ್ಟಿ ಹೋಗುವುದು ಆಡಿಟರ್ ಸಲಹೆ. ಕಾಯ್ದೆಯಲ್ಲಿ ಹಾಗೇನೂ ಇಲ್ಲ, ಆದರೆ ಚಲನ್ ಜೊತೆ ಹೋದವರ ಮಾತಿಗೆ ತೂಕ ಬರುತ್ತದೆ. ಜೂನ್ 23ರಂದು ಎರಡು ಪ್ರತಿ ಕೊಟ್ಟು, ಒಂದರ ಮೇಲೆ ತಾರೀಖಿನ ಸೀಲು ಹಾಕಿಸಿಕೊಂಡೆ.

ಜುಲೈ 2ರಂದು ಕರೆದರು. ಅಧಿಕಾರಿ ಮೊದಲು ಕೇಳಿದ್ದು, "ಎಫ್‌ಡಿ ಇದೆಯಲ್ಲ, ಮುರಿದು ಕಟ್ಟಬಹುದಲ್ಲ?" ಅಂತ. "ಸರ್, ಅದು ಓಡಿಗೆ ಅಡಮಾನದಲ್ಲಿದೆ, ಬ್ಯಾಂಕ್ ಬಿಡುವುದಿಲ್ಲ" ಎಂದು ಮಂಜೂರಾತಿ ಪತ್ರ ತೋರಿಸಿದೆ. ಆಮೇಲೆ ನನ್ನ ಕಂತಿನ ಪಟ್ಟಿ ನೋಡಿದರು. ನಾನು ಮೊದಲ ಎರಡು ತಿಂಗಳು ಮೂವತ್ತು ಸಾವಿರ, ಮುಂದಿನ ಎರಡಕ್ಕೆ ನಲವತ್ತು, ಡಿಸೆಂಬರಿನಲ್ಲಿ ಅರವತ್ತು, ಜನವರಿಯಲ್ಲಿ ಒಂದು ಲಕ್ಷ ಎಂದು ಕೊಯ್ಲಿನ ಪ್ರಕಾರ ಬರೆದಿದ್ದೆ. ಕೊನೆಗೆ ಭಾರ ಹೊರಿಸಿದ ಪಟ್ಟಿಯನ್ನು ಅವರು ಒಪ್ಪಲಿಲ್ಲ. ಆರು ತಿಂಗಳೂ ಐವತ್ತು ಸಾವಿರ ಆಗುತ್ತದಾ ಎಂದರು. ನನ್ನ ಹಾಳೆಯಲ್ಲಿ ಆಗಸ್ಟ್‌ಗೆ ಉಳಿಯುವುದು ನಲವತ್ತೈದು ಸಾವಿರ. ಒಂದು ನಿಮಿಷ ಯೋಚಿಸಿ, ಕಂಪನಿಗೆ ಕೊಡುವ ಆರ್ಡರ್ ಸ್ವಲ್ಪ ತಗ್ಗಿಸುವ ಲೆಕ್ಕ ಹಾಕಿ ಆಯಿತು ಅಂದೆ.

ಅಲ್ಲೇ ಇನ್ನೊಂದು ಸಂಗತಿ ಹೊರಬಂತು. ಅವರ ಪರದೆಯಲ್ಲಿ ಬಾಕಿ ಪೂರ್ತಿ 3,58,800 ಅಂತಲೇ ಇತ್ತು. ನಾನು 58,800 ಕಟ್ಟುವಾಗ, ಯಾವ ಬಗೆಯ ಪಾವತಿ ಎಂದು ಹೇಳುವ ಹೆಡ್‌ನಲ್ಲಿ, ರಿಟರ್ನ್ ಹಾಕುವಾಗ ನಾವೇ ಲೆಕ್ಕ ಹಾಕಿ ಕಟ್ಟುವ ಸ್ವಯಂ ನಿರ್ಧಾರಣೆ ತೆರಿಗೆಯ 300 ಅನ್ನು ಆರಿಸಿದ್ದೆ. ಹಣ ಸರ್ಕಾರಕ್ಕೆ ಹೋಗಿತ್ತು, ನನ್ನ ಬಾಕಿಗೆ ಜಮಾ ಆಗಿರಲಿಲ್ಲ. ಇಂಥ ಬಾಕಿಯನ್ನು `e-Pay Tax` ಒಳಗೆ `Demand Payment as Regular Assessment Tax (400)` ಆರಿಸಿ, ಡಿಮ್ಯಾಂಡ್ ರೆಫರೆನ್ಸ್ ನಂಬರಿನ ಮೇಲೇ ಕಟ್ಟಬೇಕು. ಆ ನಂಬರ್ `Response to Outstanding Demand` ಪುಟದಲ್ಲಿ ಸಿಗುತ್ತದೆ. ಅದೃಷ್ಟಕ್ಕೆ ಚಲನ್ ಕಟ್ಟಿ 30 ದಿನ ಆಗಿರಲಿಲ್ಲ. ಅಷ್ಟರೊಳಗಾದರೆ ಪೋರ್ಟಲಿನ `Challan Correction` ಮೂಲಕ ನಾವೇ ಹೆಡ್ ತಿದ್ದಬಹುದು. ಅಂದೇ ಸಂಜೆ ತಿದ್ದುಪಡಿ ಹಾಕಿದೆ. ಪ್ರತಿ ಕಂತು ಕಟ್ಟಿದ ಮೇಲೆ ಬಾಕಿ ಇಳಿದಿದೆಯಾ ಎಂದು ಪುಟ ತೆಗೆದು ನೋಡುವ ಅಭ್ಯಾಸ ಅಲ್ಲಿಂದ ಶುರುವಾಯಿತು.

ಜುಲೈ 9ಕ್ಕೆ ಆದೇಶ ಕೈಗೆ ಬಂತು. ಬಾಯಿಮಾತಿಗೆ ಒಪ್ಪಿದ್ದಾರೆ ಅಂತ ಸುಮ್ಮನಿರಬೇಡಿ. ಅಧಿಕಾರಿ ವರ್ಗವಾದರೆ ಹೊಸಬರ ಮುಂದೆ ತೋರಿಸಲು ಆ ಕಾಗದವೇ ಬೇಕು. ಆದೇಶದ ಕೊನೆಯ ಸಾಲು ತುಂಬಾ ಕಠಿಣ: ಒಂದು ಕಂತು ತಪ್ಪಿದರೆ ಉಳಿದ ಎಲ್ಲ ಕಂತಿಗೂ ನಾನು ಸುಸ್ತಿದಾರ. ಇದು ಅಧಿಕಾರಿಯ ಷರತ್ತಲ್ಲ, ಕಾಯ್ದೆಯಲ್ಲೇ ಇದೆ.

ಅಕ್ಟೋಬರಿನಲ್ಲಿ ಅದು ನನ್ನ ತಲೆ ಮೇಲೇ ಬರುವುದರಲ್ಲಿತ್ತು. ಒಂದು ಕಾರ್ಖಾನೆ ಕಬ್ಬಿನ ಬಿಲ್ ತಡಮಾಡಿತು. ಏಳು ಜನ ರೈತರಿಂದ ಬರಬೇಕಾದ್ದು ನಿಂತಿತು. 8ನೇ ತಾರೀಖು ಅಕೌಂಟಿನಲ್ಲಿ ಹದಿನೆಂಟು ಸಾವಿರ. ಕೈಸಾಲ ತರು ಎಂದಿದ್ದ ಅದೇ ತಮ್ಮ ಬಡ್ಡಿ ಇಲ್ಲದೆ ಮೂವತ್ತೆರಡು ಸಾವಿರ ಕೊಟ್ಟ. 9ಕ್ಕೆ ಕಟ್ಟಿದೆ. ಆಮೇಲೆ ಯೋಚಿಸಿದರೆ, ನಾನು ಕಂತು ಒಪ್ಪುವ ದಿನವೇ ಒಂದು ಕಂತಿನ ಹಣವನ್ನು ಮುಟ್ಟದ ಹಾಗೆ ಬೇರೆ ಇಡಬೇಕಿತ್ತು. ಹಾಗಾಗದಿದ್ದರೆ ಒಂದು ತಿಂಗಳು ಹೆಚ್ಚು ಕೇಳಿ, ಪ್ರತಿ ಕಂತನ್ನು ಚಿಕ್ಕದು ಮಾಡಿಸಿಕೊಳ್ಳಬೇಕಿತ್ತು.

ಒಂದು ಎಚ್ಚರಿಕೆ ಹೇಳಲೇಬೇಕು. ನನ್ನದು ರಿಟರ್ನ್ ಸಂಸ್ಕರಣೆಯಲ್ಲಿ ಬಂದ ಬಾಕಿ. ಅಧಿಕಾರಿ ಪರಿಶೀಲನೆ ಮಾಡಿ ಆದಾಯ ಹೆಚ್ಚಿಸಿ, ಕಡಿಮೆ ಆದಾಯ ತೋರಿಸಿದ್ದಕ್ಕೆ ದಂಡದ ಪ್ರಕ್ರಿಯೆಯನ್ನೂ ಶುರು ಮಾಡಿದ್ದರೆ ಕಂತು ಕೇಳುವ ಮೊದಲು ಎರಡು ಸಲ ಯೋಚಿಸಿ. ಆ ದಂಡ ಹಾಗೆ ಹೆಚ್ಚಿಸಿದ ಆದಾಯದ ಮೇಲಿನ ತೆರಿಗೆಯ ಅರ್ಧದಷ್ಟು. ಅದರಿಂದ ವಿನಾಯಿತಿ ಬೇಕಾದರೆ ನೋಟಿಸಿನ ಅವಧಿಯೊಳಗೆ ತೆರಿಗೆ, ಬಡ್ಡಿ ಪೂರ್ತಿ ಕಟ್ಟಿರಬೇಕು, ಮೇಲ್ಮನವಿ ಹಾಕಿರಬಾರದು. ಅಂಥ ಸಂದರ್ಭದಲ್ಲಿ ನೂರಕ್ಕೆ ಮೂರರ ಕೈಸಾಲವೇ ಅಗ್ಗ ಆಗಬಹುದು.

ಜನವರಿ 8ರಂದು ಕೊನೆಯ ಐವತ್ತು ಸಾವಿರ ಕಟ್ಟಿದೆ. ಬಡ್ಡಿ ಮೊದಲ ತಿಂಗಳು 3,000, ನಂತರ 2,500, ಹೀಗೆ ಇಳಿಯುತ್ತಾ ಬಂದು ನನ್ನ ಲೆಕ್ಕಕ್ಕೆ ಒಟ್ಟು 10,500 ಆಗಿತ್ತು. ಮುರಿದ ತಿಂಗಳನ್ನೂ ಪೂರ್ತಿ ತಿಂಗಳೆಂದು ಎಣಿಸುತ್ತಾರೆ, ಅದಕ್ಕೆ ಇನ್ನೊಂದು ಮೂರು ಸಾವಿರ ಸೇರಿಸಿ ಎತ್ತಿಟ್ಟಿದ್ದೆ. ಆರೂ ಚಲನ್ನುಗಳ ನಕಲು ಕೊಟ್ಟು, ಬಡ್ಡಿ ಎಷ್ಟೆಂದು ಲೆಕ್ಕ ಹಾಕಿ ತಿಳಿಸಿ ಎಂದು ವಾರ್ಡಿಗೆ ಇನ್ನೊಂದು ಪತ್ರ ಬರೆದೆ. ಮೇಸ್ತ್ರಿಯ ಕೂಲಿ ಈಗ ಪ್ರತಿ ಶನಿವಾರ ಅವನ ಬ್ಯಾಂಕ್ ಖಾತೆಗೆ ಹೋಗುತ್ತದೆ.