ಭಾವ ಪಾನಕ ಎಂದಿದ್ದ ರಮ್

ಕಳೆದ ಜುಲೈನಲ್ಲಿ ಸೋಮವಾರಪೇಟೆಯ ನಮ್ಮ ಮನೆಗೆ ಬಂದಿದ್ದ ಭಾವನಿಗೆ ರಮ್, ನಿಂಬೆ, ಜೇನು ಕುಲುಕಿ ಕೊಟ್ಟೆ. ಒಂದು ಗುಟುಕು ಕುಡಿದು, "ರಾಮನವಮಿಯ ಪಾನಕಕ್ಕೆ ಯಾರೋ ರಮ್ ಚೆಲ್ಲಿದಂತಿದೆ" ಎಂದರು. ಅವಮಾನವಾಯಿತು, ಆದರೆ ಮಾತು ನಿಜ.

ಅಳತೆಯಲ್ಲಿ ತಪ್ಪಿರಲಿಲ್ಲ. ಕೆಮ್ಮಿನ ಔಷಧಿಯ ಮುಚ್ಚಳದಲ್ಲಿ ಅಳೆದು ರಮ್ 60 ಮಿ.ಲೀ., ನಿಂಬೆರಸ 22, ಜೇನಿನ ಪಾಕ 22 ಹಾಕಿದ್ದೆ. ಜೇನನ್ನು ನೇರವಾಗಿ ಸುರಿದರೆ ತಣ್ಣಗಾದೊಡನೆ ಗಟ್ಟಿಯಾಗಿ ತಳಕ್ಕೆ ಅಂಟುತ್ತದೆ. ಹಾಗಾಗಿ ಅಷ್ಟೇ ಅಳತೆಯ ಬಿಸಿನೀರಿನಲ್ಲಿ ಕರಗಿಸಿಡುತ್ತೇನೆ. ನಿಂಬೆಯನ್ನೂ ಹಣ್ಣಿನ ಲೆಕ್ಕದಲ್ಲಿ ಹಾಕುವುದಿಲ್ಲ. ಒಂದರಲ್ಲಿ ಬರುವ ರಸ ಇನ್ನೊಂದರಲ್ಲಿ ಬರುವುದಿಲ್ಲ.

ಸಪ್ಪೆ ಎನಿಸಿದಾಗ ನಾನು ಮಾಡುತ್ತಿದ್ದುದು ಮೊದಲು ಇನ್ನಷ್ಟು ನಿಂಬೆ, ಅದು ಹುಳಿಯಾದರೆ ಇನ್ನಷ್ಟು ಜೇನು. ಆ ಸಂಜೆ ಎರಡನ್ನೂ ಬಿಟ್ಟು, ಸೋಸಿದ ಮೇಲೆ ಎಷ್ಟು ಬಂತೆಂದು ಅಳೆದೆ. ಹಾಕಿದ್ದು 104 ಮಿ.ಲೀ., ಬಂದದ್ದು 185! ಹುಳಿಯೂ ಸಿಹಿಯೂ ಪರಸ್ಪರ ಸರಿಯಾಗಿಯೇ ಇದ್ದವು, ನೀರಿನಲ್ಲಿ ಮುಳುಗಿದ್ದವು ಅಷ್ಟೆ. ಕುಲುಕಿದ ಪಾನೀಯದಲ್ಲಿ ಮಂಜುಗಡ್ಡೆ ಕರಗಿ ನೀರು ಸೇರಲೇಬೇಕು, ಇಲ್ಲದಿದ್ದರೆ ಗಂಟಲು ಉರಿಯುತ್ತದೆ. ಈ ಅಳತೆಗೆ 150ರ ಆಸುಪಾಸಿಗೆ ನಿಂತರೆ ನನಗೆ ಹಿತ.

ಹೆಚ್ಚು ಹೊತ್ತು ಕುಲುಕಿದ್ದೇ ಕಾರಣವೆಂದು ಮೊದಲು ನಂಬಿದ್ದೆ. ಅದಲ್ಲ. ಜೋರಾಗಿ ಕುಲುಕಿದರೆ ಹನ್ನೆರಡು ಹದಿನೈದು ಸೆಕೆಂಡಿನಲ್ಲಿ ತಣಿಯುವಷ್ಟು ತಣಿದಿರುತ್ತದೆ, ಆಮೇಲೆ ಕರಗುವಿಕೆಯೂ ನಿಧಾನ. ತಪ್ಪು ಮಂಜುಗಡ್ಡೆಯಲ್ಲಿತ್ತು. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟು ಹೋದರೆ ಬರುವುದು ಯಾವಾಗ ಎಂದು ಕೇಳುವವರಿಲ್ಲ. ಅರ್ಧ ಕರಗಿದ, ಮೈಯೆಲ್ಲ ನೀರಿದ್ದ ತುಂಡುಗಳನ್ನು ಹಾಕಿದ್ದೆ. ಆ ನೀರು ತಣಿಸುವ ಕೆಲಸ ಮಾಡದೆ ನೇರವಾಗಿ ಲೋಟ ಸೇರುತ್ತದೆ. ಸಾಲದ್ದಕ್ಕೆ ಕುಲುಕಿಯಾದ ಮೇಲೆ ಡಬ್ಬಿಯನ್ನು ಹಾಗೆಯೇ ಇಟ್ಟು ಕಾಳುಮೆಣಸಿನ ದರದ ಮಾತಿಗೆ ಕುಳಿತಿದ್ದೆ.

ಮರುದಿನ ಫ್ರೀಜರ್ ಗಟ್ಟಿಯಾದ ಮೇಲೆ, ಒಣಗಿದ ದೊಡ್ಡ ತುಂಡುಗಳನ್ನು ಸ್ಟೀಲ್ ಡಬ್ಬಿಯ ಮುಕ್ಕಾಲು ಭಾಗ ತುಂಬಿ, ಬಟ್ಟೆ ಸುತ್ತಿ ಕುಲುಕಿ, ತಕ್ಷಣ ಚಹಾ ಜರಡಿಯಲ್ಲಿ ಸೋಸಿದೆ. 152 ಬಂತು. ಒದ್ದೆ ತುಂಡುಗಳೇ ಗತಿಯಾದರೆ ಈಗ ಅವನ್ನು ಜರಡಿಗೆ ಹಾಕಿ ನೀರು ಬಸಿದುಕೊಳ್ಳುತ್ತೇನೆ. ಸ್ವಲ್ಪ ಮಟ್ಟಿಗೆ ಸುಧಾರಿಸುತ್ತದೆ.

ಮಂಜುಗಡ್ಡೆ ಹಾಕುವ ಮುಂಚೆ ಚಮಚದಲ್ಲಿ ರುಚಿ ನೋಡುವಾಗ ಸಿಹಿ ಒಂದು ಕೈ ಮುಂದೆಯೇ ಇರಬೇಕು, ಏಕೆಂದರೆ ತಣ್ಣಗಾದರೆ ನಾಲಿಗೆಗೆ ಸಿಹಿ ಮಂಕಾಗುತ್ತದೆ. ಸೋಸಿದ ಅಳತೆ ಸರಿಯಿದ್ದೂ ಹುಳಿ ಕುಕ್ಕಿದರೆ ಮಾತ್ರ ಮುಂದಿನ ಸಲ ಪಾಕವನ್ನು ಅರ್ಧ ಚಮಚ ಏರಿಸುತ್ತೇನೆ. ನಿಂಬೆಯ ಬದಲು ಕೊಡಗಿನ ಕಪ್ಪು ಹುಳಿಯಾದ ಕಾಚಂಪುಳಿ ಸುರಿಯಲೂ ಒಮ್ಮೆ ಹೋಗಿದ್ದೆ. ಅದು ಹಂದಿಮಾಂಸದ ಪಾತ್ರೆಗೇ ಸರಿ, ಇಲ್ಲಿ ಎರಡು ಹನಿ ದಾಟಬಾರದು.

ಭಾವ ಎರಡನೆಯ ಲೋಟ ಕೇಳಿದರು. ನಿಂಬೆ ಮುಗಿದಿತ್ತು.